ಬ್ಯಾಂಕಲ್ಲಿ ಕಟ್ಟಾಯ್ತು, ವಾಲೆಟ್‌ಗೆ ಬರಲಿಲ್ಲ: ನಡುವೆ ಆ ಐನೂರು ರೂಪಾಯಿ ಎಲ್ಲಿತ್ತು?

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ತಿಪಟೂರಿನಿಂದ ಚಿಕ್ಕಮ್ಮನ ಫೋನು. "ನಿನ್ನೆ ರಾತ್ರಿ ಮಲಗೋ ಮುಂಚೆ ವಾಲೆಟ್‌ಗೆ ಐನೂರು ರೂಪಾಯಿ ಹಾಕ್ದೆ ಕಣೋ. ಬ್ಯಾಂಕಿಂದ ಕಟ್ಟಾಗಿದೆ ಅಂತ ಮೆಸೇಜ್ ಬಂತು. ವಾಲೆಟ್ ನೋಡಿದ್ರೆ ಹಳೇ ನಲವತ್ತು ರೂಪಾಯಿನೇ ಇದೆ. ಇನ್ನೊಂದ್ಸಲ ಹಾಕಿ ನೋಡ್ಲಾ?"

"ಬೇಡ ಚಿಕ್ಕಮ್ಮ, ಹಾಕ್ಬೇಡಿ. ಮೊದಲು ಯುಪಿಐ ಆಪ್ ತೆಗೆದು ಆ ಐನೂರರ ಮುಂದೆ ಏನಿದೆ ನೋಡಿ."

"ಹಸಿರು ಟಿಕ್ ಇದೆ. ಸಕ್ಸಸ್ ಅಂತಿದೆ."

"ವಾಲೆಟ್ ಆಪ್‌ನಲ್ಲಿ?"

"ಅದ್ರಲ್ಲಿ ಫೇಲ್ಡ್ ಅಂತಿದೆ. ಒಂದು ಆಯ್ತು ಅನ್ನುತ್ತೆ, ಒಂದು ಆಗಿಲ್ಲ ಅನ್ನುತ್ತೆ. ಯಾವುದನ್ನ ನಂಬೋದು?"

ಎರಡನ್ನೂ ನಂಬಬೇಕು ಎಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಾನು ಕೆಲಸ ಮಾಡುವುದು ಒಂದು ವಾಲೆಟ್ ಕಂಪನಿಯ ತಾಳೆ ನೋಡುವ ವಿಭಾಗದಲ್ಲಿ, ಆಫೀಸಿನ ಮಾತಿನಲ್ಲಿ ‘ರೆಕಾನ್ ಟೀಮ್’. ಬ್ಯಾಂಕ್ ಕೊಟ್ಟ ಲೆಕ್ಕ, ಬ್ಯಾಂಕಿಗೂ ನಮಗೂ ನಡುವೆ ನಿಂತು ಪಾವತಿ ಸಾಗಿಸುವ ಗೇಟ್‌ವೇ ಕೊಟ್ಟ ಲೆಕ್ಕ, ನಮ್ಮ ಪುಸ್ತಕದ ಲೆಕ್ಕ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಸರಿಯಿದೆಯೇ ಎಂದು ನೋಡುವುದು ನಮ್ಮ ದಿನದ ಕಸುಬು. ಚಿಕ್ಕಮ್ಮ ಕೇಳಿದ ಪ್ರಶ್ನೆಯನ್ನು ದಿನವೂ ನೂರಾರು ಜನ ಕೇಳುತ್ತಾರೆ. ಅವರಿಗೆ ಸಿಗುವ ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ: "ಐದು ದಿನ ಕಾಯಿರಿ." ಯಾಕೆ ಕಾಯಬೇಕು, ಆ ಐದು ದಿನ ಎಲ್ಲಿಂದ ಬಂತು, ಅಷ್ಟು ಹೊತ್ತು ದುಡ್ಡು ಯಾರ ಹತ್ತಿರ ಇರುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದದ್ದು ಇಷ್ಟು. ಈ ವ್ಯವಸ್ಥೆಯಲ್ಲಿ ದುಡ್ಡು ಒಂದು ದಾರಿಯಲ್ಲಿ, ದುಡ್ಡು ಬಂತು ಎಂಬ ಸುದ್ದಿ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಸುದ್ದಿ ಸೆಕೆಂಡುಗಳಲ್ಲಿ ಓಡುತ್ತದೆ. ದುಡ್ಡು ಬ್ಯಾಂಕಿಂದ ಬ್ಯಾಂಕಿಗೆ ದಾಟುವುದು ಆಮೇಲೆ, ಗಂಟೆಗಳ ಲೆಕ್ಕದಲ್ಲಿ. ವಾಲೆಟ್‌ನಲ್ಲಿ ಐನೂರು ಕಾಣಿಸುವುದು ಸುದ್ದಿ ತಲುಪಿದಾಗಲೇ ಹೊರತು ದುಡ್ಡು ತಲುಪಿದಾಗ ಅಲ್ಲ.

ಸುದ್ದಿಯ ದಾರಿಯನ್ನು ಒಮ್ಮೆ ನಡೆದು ನೋಡೋಣ. ಚಿಕ್ಕಮ್ಮ ವಾಲೆಟ್ ಆಪ್‌ನಲ್ಲಿ 500 ಎಂದು ಒತ್ತಿದ ಕೂಡಲೇ ನಮ್ಮಲ್ಲಿ ಒಂದು ಆರ್ಡರ್ ಹುಟ್ಟುತ್ತದೆ. ಅದಕ್ಕೊಂದು ನಂಬರು, ಪಕ್ಕದಲ್ಲಿ ‘ಹಣಕ್ಕೆ ಕಾಯುತ್ತಿದೆ’ ಎಂಬ ಗುರುತು. ಆ ಆರ್ಡರ್ ಪೇಮೆಂಟ್ ಗೇಟ್‌ವೇ ಕಂಪನಿಗೆ ಹೋಗುತ್ತದೆ. ಗೇಟ್‌ವೇ ಯುಪಿಐ ಆಪನ್ನು ತೆರೆಸುತ್ತದೆ, ಚಿಕ್ಕಮ್ಮ ಪಿನ್ ಹಾಕುತ್ತಾರೆ. ಕೋರಿಕೆ ಎನ್‌ಪಿಸಿಐಗೆ, ಅಂದರೆ ದೇಶದ ಯುಪಿಐ ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್‌ಗೆ ಮುಟ್ಟುತ್ತದೆ. ಅಲ್ಲಿಂದ ಚಿಕ್ಕಮ್ಮನ ಬ್ಯಾಂಕಿಗೆ "ಐನೂರು ಕಳೆಯಿರಿ" ಎಂಬ ಸಂದೇಶ. ಬ್ಯಾಂಕ್ ಕಳೆದು ಎಸ್‌ಎಂಎಸ್ ಕಳಿಸುತ್ತದೆ. ಆಮೇಲೆ ಎನ್‌ಪಿಸಿಐ, ಗೇಟ್‌ವೇಯ ಖಾತೆ ಇರುವ ಬ್ಯಾಂಕಿಗೆ "ಐನೂರು ಜಮೆ ಮಾಡಿಕೊಳ್ಳಿ" ಎನ್ನುತ್ತದೆ. ಅದು ಹೂಂ ಎಂದ ಮೇಲೆ ಸುದ್ದಿ ವಾಪಸ್ ಹೊರಟು ಗೇಟ್‌ವೇಗೆ ಬರಬೇಕು. ಗೇಟ್‌ವೇಯಿಂದ ನಮ್ಮ ಸರ್ವರ್‌ಗೆ ಬರಬೇಕು. ಆಗ ನಾವು ನಮ್ಮ ಪುಸ್ತಕದಲ್ಲಿ ಚಿಕ್ಕಮ್ಮನ ಹೆಸರಿಗೆ ಐನೂರು ಬರೆಯುತ್ತೇವೆ.

ಎಸ್‌ಎಂಎಸ್ ಈ ದಾರಿಯ ಅರ್ಧದಲ್ಲೇ ಬಂದುಬಿಡುತ್ತದೆ ಎಂಬುದನ್ನು ಗಮನಿಸಿ. "ಕಟ್ಟಾಗಿದೆ" ಎಂಬ ಸಂದೇಶ ಬಂದಾಗ ಇನ್ನೂ ಮೂರ್ನಾಲ್ಕು ಕೈ ದಾಟುವುದು ಬಾಕಿ ಇರುತ್ತದೆ. ಎಂದಿನಂತೆ ಎಲ್ಲವೂ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುವುದರಿಂದ ಅದು ನಮ್ಮ ಅರಿವಿಗೇ ಬರುವುದಿಲ್ಲ. ಎಲ್ಲೋ ಒಂದು ಕಡೆ ಉತ್ತರ ಬರುವುದು ತಡವಾದರೆ ಮಾತ್ರ ಈ ಮಧ್ಯದ ಜಾಗ ಬಯಲಾಗುತ್ತದೆ.

ತಡ ಎಲ್ಲಿ ಆಯಿತು ಎಂಬುದರ ಮೇಲೆ ದುಡ್ಡು ಎಲ್ಲಿದೆ ಎಂಬುದು ತೀರ್ಮಾನವಾಗುತ್ತದೆ.

ಚಿಕ್ಕಮ್ಮನ ಬ್ಯಾಂಕ್ ಐನೂರು ಕಳೆದು, ಕಳೆದೆ ಎಂಬ ಉತ್ತರವನ್ನು ಎನ್‌ಪಿಸಿಐಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸದಿದ್ದರೆ, ಎನ್‌ಪಿಸಿಐ ಆ ವ್ಯವಹಾರವನ್ನು ವಿಫಲ ಎಂದು ಮುಚ್ಚಿ, ಕಳೆದದ್ದನ್ನು ವಾಪಸ್ ಹಾಕಿ ಎಂದು ಬ್ಯಾಂಕಿಗೆ ಹೇಳುತ್ತದೆ. ಇಲ್ಲಿ ದುಡ್ಡು ಚಿಕ್ಕಮ್ಮನ ಬ್ಯಾಂಕ್ ಬಿಟ್ಟು ಹೊರಗೆ ಹೋಗಿಯೇ ಇಲ್ಲ. ಬಹಳ ಸಲ ಕೆಲವೇ ನಿಮಿಷಗಳಲ್ಲಿ ಅದೇ ಮೊತ್ತ ಖಾತೆಗೆ ಜಮೆಯಾಗುತ್ತದೆ. ವಾಪಸ್ ಹಾಕಿ ಎಂಬ ಸಂದೇಶವೂ ದಾರಿಯಲ್ಲಿ ಸಿಕ್ಕಿಕೊಂಡರೆ ಮರುದಿನದ ತಾಳೆಯವರೆಗೆ ಕಾಯಬೇಕು. ಯುಪಿಐ ಆಪ್‌ನಲ್ಲಿ ಇದು ‘ಫೇಲ್ಡ್’ ಎಂದೇ ಕಾಣುತ್ತದೆ.

ಎರಡನೆಯದರಲ್ಲಿ ಈ ಕಡೆ ಕಳೆದದ್ದು ಸರಿಯಾಗಿದೆ, ಆದರೆ ಜಮೆ ಮಾಡಬೇಕಾದ ಬ್ಯಾಂಕ್ ಉತ್ತರ ಕೊಟ್ಟಿಲ್ಲ. ಅದು ಜಮೆ ಮಾಡಿ ಸುಮ್ಮನಿದೆಯೋ, ಜಮೆಯನ್ನೇ ಮಾಡಿಲ್ಲವೋ ಆ ಕ್ಷಣದಲ್ಲಿ ಯಾರಿಗೂ ಗೊತ್ತಿಲ್ಲ. ಇಂಥದ್ದಕ್ಕೆ ಯುಪಿಐ ಭಾಷೆಯಲ್ಲಿ ‘ಡೀಮ್ಡ್’ ಎನ್ನುತ್ತಾರೆ. ಸದ್ಯಕ್ಕೆ ಆಗಿದೆ ಎಂದೇ ಇಟ್ಟುಕೊಂಡು ದುಡ್ಡನ್ನು ಆ ಬ್ಯಾಂಕಿನ ಪಾಲಿಗೆ ಸೇರಿಸುತ್ತಾರೆ. ಆ ಬ್ಯಾಂಕ್ ತನ್ನ ಲೆಕ್ಕ ನೋಡಿ, ಜಮೆ ಮಾಡಿದ್ದೇನೆ ಎಂದು ದೃಢಪಡಿಸಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಗ್ರಾಹಕರ ಪರದೆಯಲ್ಲಿ ಸಾಮಾನ್ಯವಾಗಿ ‘ಪೆಂಡಿಂಗ್’ ಅಥವಾ ‘ಪ್ರೊಸೆಸಿಂಗ್’ ಎಂದಿರುತ್ತದೆ.

ಮೂರನೆಯದು ಚಿಕ್ಕಮ್ಮನದು. ಬ್ಯಾಂಕ್, ಎನ್‌ಪಿಸಿಐ, ಎದುರು ಬ್ಯಾಂಕ್ ಮೂವರೂ ತಮ್ಮ ಕೆಲಸ ಮುಗಿಸಿದ್ದಾರೆ. ಹಸಿರು ಟಿಕ್ ಬಂದದ್ದು ಅದಕ್ಕೇ. ಆದರೆ ಗೇಟ್‌ವೇಯಿಂದ ವಾಲೆಟ್ ಕಂಪನಿಗೆ ಬರಬೇಕಾದ ಕೊನೆಯ ಸುದ್ದಿ ಹೊತ್ತು ಮೀರಿ ಬಂದಿದೆ, ಅಥವಾ ಬಂದೇ ಇಲ್ಲ. ಇಲ್ಲಿ ಬ್ಯಾಂಕಿಗೆ ಹೋಗಿ ಎಷ್ಟು ಕೇಳಿದರೂ "ನಮ್ಮಲ್ಲಿ ಸಕ್ಸಸ್ ಇದೆ" ಎನ್ನುತ್ತಾರೆ. ಅವರು ಹೇಳುವುದು ನಿಜ. ವಾಲೆಟ್‌ನವರು "ನಮ್ಮಲ್ಲಿ ಫೇಲ್ ಆಗಿದೆ, ಬ್ಯಾಂಕನ್ನೇ ಕೇಳಿ" ಎನ್ನುತ್ತಾರೆ. ಇದು ಸರಿಯಲ್ಲ. ದುಡ್ಡು ಗೇಟ್‌ವೇಯ ಖಾತೆಯವರೆಗೆ ಬಂದು ನಿಂತಿದೆ. ಅದನ್ನು ಹುಡುಕಿ ತೆಗೆಯಬೇಕಾದವರು ವಾಲೆಟ್‌ನವರೇ.

ಸುದ್ದಿಯ ಕಥೆ ಇಷ್ಟು. ಈಗ ದುಡ್ಡು.

ಮಂಡಿ ವ್ಯಾಪಾರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಿಪಟೂರಿನ ಇಬ್ಬರು ಕೊಬ್ಬರಿ ವರ್ತಕರು ದಿನವಿಡೀ ಪರಸ್ಪರ ಮಾಲು ಕೊಟ್ಟು ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಒಂದೊಂದು ಚೀಲಕ್ಕೂ ನೋಟು ಎಣಿಸುತ್ತಾ ಕೂರುವುದಿಲ್ಲ. ಚೀಟಿಯಲ್ಲಿ ಬರೆದುಕೊಂಡು, ಸಂಜೆ ಕೂತು, ನನ್ನಿಂದ ನಿನಗೆ ಇಷ್ಟು, ನಿನ್ನಿಂದ ನನಗೆ ಇಷ್ಟು ಎಂದು ಕಳೆದು, ಮಿಕ್ಕಿದ್ದನ್ನಷ್ಟೇ ಕೊಡುತ್ತಾರೆ. ಬ್ಯಾಂಕುಗಳೂ ಹಾಗೆಯೇ. ಚಿಕ್ಕಮ್ಮನ ಬ್ಯಾಂಕಿನ ಗ್ರಾಹಕರು ಒಂದು ಅವಧಿಯಲ್ಲಿ ಎದುರು ಬ್ಯಾಂಕಿಗೆ 9 ಲಕ್ಷ ಕಳಿಸಿದ್ದಾರೆ, ಅಲ್ಲಿಂದ ಇಲ್ಲಿಗೆ 7 ಲಕ್ಷ ಬಂದಿದೆ ಎಂದುಕೊಂಡರೆ, ನಿಜವಾಗಿ ದಾಟುವುದು 2 ಲಕ್ಷ ಮಾತ್ರ. ಯುಪಿಐನಲ್ಲಿ ಇಂಥ ಲೆಕ್ಕ ದಿನಕ್ಕೆ ಹಲವು ಸುತ್ತು ನಡೆಯುತ್ತದೆ. ಕೊನೆಯ ಮೊತ್ತ ರಿಸರ್ವ್ ಬ್ಯಾಂಕಿನಲ್ಲಿ ಆಯಾ ಬ್ಯಾಂಕುಗಳು ಇಟ್ಟಿರುವ ಖಾತೆಗಳಲ್ಲಿ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಇದಕ್ಕೇ ಸೆಟ್ಲ್‌ಮೆಂಟ್ ಎನ್ನುವುದು.

ಚಿಕ್ಕಮ್ಮನ ಐನೂರು ಆ 9 ಲಕ್ಷದ ಒಳಗಿನ ಒಂದು ಸಾಲು. ವ್ಯವಹಾರ ಸಫಲ ಎಂದಿದ್ದರೆ, ಡೀಮ್ಡ್ ಎಂದಿದ್ದರೂ, ಅದು ಲೆಕ್ಕದ ಒಳಗೆ ಬರುತ್ತದೆ. ವಿಫಲ ಎಂದಿದ್ದರೆ ಬರುವುದಿಲ್ಲ. ಮೊದಲನೆಯ ಬಗೆಯಲ್ಲಿ ದುಡ್ಡು ಬ್ಯಾಂಕ್ ಬಿಟ್ಟಿಲ್ಲ ಎಂದು ನಾನು ಧೈರ್ಯವಾಗಿ ಹೇಳಿದ್ದು ಇದರಿಂದಲೇ. ಗ್ರಾಹಕರ ಖಾತೆಯಿಂದ ಐನೂರು ಕಳೆದಿದೆ, ಆದರೆ ಸುತ್ತಿನ ಲೆಕ್ಕದಲ್ಲಿ ಆ ಐನೂರನ್ನು ಯಾರಿಗೂ ಕೊಡಬೇಕಾಗಿ ಬಂದಿಲ್ಲ. ಹಾಗಾಗಿ ಬ್ಯಾಂಕಿನ ಬಳಿ ಐನೂರು ಹೆಚ್ಚಿಗೆ ಉಳಿಯುತ್ತದೆ. ಮರುದಿನ ಎನ್‌ಪಿಸಿಐ ಕೊಟ್ಟ ಪಟ್ಟಿಯ ಜೊತೆ ತನ್ನ ಪುಸ್ತಕ ತಾಳೆ ನೋಡಿದಾಗ ಈ ಹೆಚ್ಚಿಗೆ ಸಿಕ್ಕಿಬೀಳುತ್ತದೆ, ಖಾತೆಗೆ ವಾಪಸ್ಸಾಗುತ್ತದೆ.

ಚಿಕ್ಕಮ್ಮನ ಐನೂರು ಲೆಕ್ಕದ ಒಳಗೆ ಬಂತು. ಬ್ಯಾಂಕಿಂದ ದಾಟಿ ಗೇಟ್‌ವೇಯ ಎಸ್ಕ್ರೋ ಖಾತೆಗೆ, ಅಂದರೆ ಬೇರೆಯವರ ದುಡ್ಡನ್ನು ಪ್ರತ್ಯೇಕವಾಗಿ ಇಡುವ ಖಾತೆಗೆ ಸೇರಿತು. ಅಲ್ಲಿಂದ ವಾಲೆಟ್ ಕಂಪನಿಗೆ ಇನ್ನೊಂದು ಸೆಟ್ಲ್‌ಮೆಂಟ್ ಇದೆ. ಗೇಟ್‌ವೇ ದಿನದ ಟಾಪ್‌ಅಪ್‌ಗಳನ್ನೆಲ್ಲ ಒಟ್ಟು ಮಾಡಿ, ಸಾಮಾನ್ಯವಾಗಿ ಮುಂದಿನ ಕೆಲಸದ ದಿನ, ಒಂದೇ ಮೊತ್ತವಾಗಿ ಕಳಿಸುತ್ತದೆ. ಅದರ ಲೆಕ್ಕದ ಫೈಲ್ ಮಾತ್ರ ಪ್ರತಿದಿನವೂ ಬರುತ್ತದೆ, ಈ ಮೊತ್ತದಲ್ಲಿ ಯಾವ ಯಾವ ಆರ್ಡರ್ ಸೇರಿವೆ ಎಂದು. ನಮ್ಮ ಟೀಮಿನ ಬೆಳಗು ಶುರುವಾಗುವುದು ಆ ಫೈಲ್‌ನಿಂದ.

ಶನಿವಾರ ರಾತ್ರಿ ಆಗಿದ್ದೇನು ಎಂಬುದು ಸೋಮವಾರ ಬೆಳಿಗ್ಗೆ ನನ್ನ ಮುಂದೆಯೇ ಬಂತು. ಎರಡು ಫೈಲ್‌ಗಳ ಆ ಎರಡು ಸಾಲು ಹೆಚ್ಚುಕಡಿಮೆ ಹೀಗಿದ್ದವು (ಆರ್ಡರ್ ನಂಬರು ಬದಲಿಸಿದ್ದೇನೆ):

```
wallet    ORD-7781   500.00   SAT 23:58:04   EXPIRED
gateway   ORD-7781   500.00   SUN 00:04:11   SUCCESS
```

ನಮ್ಮ ಕಡೆಯಲ್ಲಿ ಒಂದು ಆರ್ಡರ್‌ಗೆ ಐದು ನಿಮಿಷದ ಆಯಸ್ಸು. ರಾತ್ರಿ 11:58ಕ್ಕೆ ಹುಟ್ಟಿದ ಆರ್ಡರ್ 12:03ಕ್ಕೆ ತಾನಾಗಿ ಮುಚ್ಚಿಕೊಂಡಿತು, ಆಪ್‌ನಲ್ಲಿ ‘ಫೇಲ್ಡ್’ ಎಂದು ತೋರಿಸಿತು. ಗೇಟ್‌ವೇಯ ಸುದ್ದಿ ಬಂದದ್ದು 12:04ಕ್ಕೆ. ಅಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು. ಮುಚ್ಚಿದ ಆರ್ಡರ್‌ಗೆ ಬಂದ ಸುದ್ದಿಯನ್ನು ನಮ್ಮ ಸಿಸ್ಟಮ್ ಪಕ್ಕಕ್ಕಿಟ್ಟಿತು, ಚಿಕ್ಕಮ್ಮನ ಹೆಸರಿಗೆ ಬರೆಯಲಿಲ್ಲ.

ಇದರ ಜೊತೆಗೆ ಮಧ್ಯರಾತ್ರಿಯ ತೊಡಕು. ಆರ್ಡರ್ ನಮ್ಮ ಶನಿವಾರದ ಫೈಲ್‌ನಲ್ಲಿದೆ. ಗೇಟ್‌ವೇ ಅದನ್ನು ದೃಢಪಟ್ಟ ಹೊತ್ತಿನ ಲೆಕ್ಕದಲ್ಲಿ ಭಾನುವಾರದ ಫೈಲ್‌ಗೆ ಸೇರಿಸಿದೆ. ಭಾನುವಾರ ಬೆಳಿಗ್ಗೆ ಶನಿವಾರದ ಎರಡು ಫೈಲ್ ತಾಳೆ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ನಮ್ಮಲ್ಲಿ ಆರ್ಡರ್ ವಿಫಲ, ಅವರ ಫೈಲ್‌ನಲ್ಲಿ ಅದರ ಹೆಸರೇ ಇಲ್ಲ, ತಕರಾರಿಗೆ ಎಡೆಯೇ ಇಲ್ಲ. ಚಿಕ್ಕಮ್ಮ ನನಗೆ ಫೋನ್ ಮಾಡಿದ ಹೊತ್ತಿನಲ್ಲಿ ಕಂಪನಿಯ ಯಾವ ಪಟ್ಟಿಯಲ್ಲೂ ಅವರ ಐನೂರು ಕಾಣೆಯಾದದ್ದು ದಾಖಲಾಗಿರಲಿಲ್ಲ. ಸೋಮವಾರ ಭಾನುವಾರದ ಫೈಲ್ ಬಂದಾಗಲೇ ಅದು ಬೆಳಕಿಗೆ ಬಂದದ್ದು: ದುಡ್ಡು ಬಂದಿದೆ, ನಮ್ಮ ಪುಸ್ತಕದಲ್ಲಿ ಅದಕ್ಕೆ ವಾರಸುದಾರರಿಲ್ಲ. ರಾತ್ರಿ ಎಂಟಕ್ಕೆ ಹಾಕಿದ್ದರೆ ಇದೇ ತಪ್ಪು ಒಂದು ದಿನ ಮೊದಲೇ ಸಿಗುತ್ತಿತ್ತು.

ಅಲ್ಲಪ್ಪಾ, ಬ್ಯಾಂಕಿನ ಎಸ್‌ಎಂಎಸ್ ತೋರಿಸಿದರೆ ಸಾಲದೇ, ಕೂಡಲೇ ವಾಲೆಟ್‌ಗೆ ಹಾಕಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಎಸ್‌ಎಂಎಸ್ ಮೂರೂ ಬಗೆಯಲ್ಲಿ ಒಂದೇ ರೀತಿ ಬರುತ್ತದೆ. ಮೊದಲನೆಯ ಬಗೆಯದಾಗಿದ್ದರೆ ಬ್ಯಾಂಕ್ ದುಡ್ಡು ವಾಪಸ್ ಕೊಡುತ್ತದೆ, ನಾವೂ ವಾಲೆಟ್‌ಗೆ ಹಾಕಿರುತ್ತೇವೆ, ಐನೂರು ಸಾವಿರವಾಗುತ್ತದೆ. ಬ್ಯಾಂಕ್ ಅಲ್ಲದ ವಾಲೆಟ್ ಕಂಪನಿಗಳು ಗ್ರಾಹಕರ ದುಡ್ಡನ್ನು ಒಂದು ವಾಣಿಜ್ಯ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲೇ ಇಡಬೇಕು. ಎಲ್ಲರ ವಾಲೆಟ್‌ಗಳಲ್ಲಿ ಕಾಣುವ ಮೊತ್ತ ಮತ್ತು ವ್ಯಾಪಾರಿಗಳಿಗೆ ಕೊಡಬೇಕಾದ ಬಾಕಿ, ಎರಡೂ ಸೇರಿ ಎಷ್ಟಾಗುತ್ತದೋ ಅದಕ್ಕಿಂತ ಆ ಖಾತೆಯ ದುಡ್ಡು ದಿನದ ಕೊನೆಗೆ ಕಡಿಮೆಯಾಗಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ದುಡ್ಡನ್ನು ವಾಲೆಟ್‌ನಲ್ಲಿ ತೋರಿಸಿದರೆ ಆ ಕೊರತೆಯನ್ನು ಕಂಪನಿ ತನ್ನ ಜೇಬಿನಿಂದ ತುಂಬಬೇಕು. ಗೇಟ್‌ವೇಯ ಖಚಿತ ಸುದ್ದಿಯಿದ್ದರೆ ಮಾತ್ರ, ದುಡ್ಡು ನಾಳೆ ಬರುವುದಾದರೂ ಇಂದೇ ತೋರಿಸುವ ಧೈರ್ಯ ಮಾಡಲಾಗುತ್ತದೆ.

ಹಾಗೆಂದು ತಾಳೆಗೆ ಕಾಯುವುದೊಂದೇ ದಾರಿ ಎಂದು ನಾನು ಒಪ್ಪುವುದಿಲ್ಲ. ಮುಚ್ಚುವ ಮುಂಚೆ "ಈ ಆರ್ಡರ್ ಏನಾಯಿತು?" ಎಂದು ಗೇಟ್‌ವೇಯನ್ನು ಕೇಳಬಹುದು. ಮುಚ್ಚಿದ ಮೇಲೂ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಕೇಳಬಹುದು. ಚಿಕ್ಕಮ್ಮನ ಆರ್ಡರ್‌ಗೆ ಎರಡನೇ ಸಲ ಕೇಳಿದ್ದರೆ ರಾತ್ರಿ ಒಂದು ಗಂಟೆಯ ಒಳಗೇ ದುಡ್ಡು ಸಿಕ್ಕಿರುತ್ತಿತ್ತು. ತಡವಾಗಿ ಬಂದ ಸುದ್ದಿಯನ್ನು ಪಕ್ಕಕ್ಕಿಟ್ಟು ಸುಮ್ಮನಾಗುವುದು ನಮ್ಮಂಥವರು ತಿದ್ದಿಕೊಳ್ಳಬೇಕಾದ ತಪ್ಪು. ಗ್ರಾಹಕರ ತಾಳ್ಮೆಯಿಂದ ಅದನ್ನು ಮುಚ್ಚಬಾರದು.

ಇನ್ನು, ಮತ್ತೆ ಹಾಕಬೇಡಿ ಎಂದು ಚಿಕ್ಕಮ್ಮನಿಗೆ ಹೇಳಿದ್ದು ಯಾಕೆ? ಮೊದಲ ಐನೂರು ಬ್ಯಾಂಕಿಗೇ ವಾಪಸ್ ಬರುತ್ತದೆ ಎಂಬ ಖಾತರಿ ಇಲ್ಲ. ಅದು ತಡವಾಗಿ ವಾಲೆಟ್‌ಗೇ ಜಮೆಯಾಗಬಹುದು. ಆಗ ಬೇಡದ ಸಾವಿರ ವಾಲೆಟ್‌ನಲ್ಲಿ ಕೂರುತ್ತದೆ. ಪೂರ್ತಿ ಕೆವೈಸಿ ಆಗದ, ಮೊಬೈಲ್ ನಂಬರು ಮತ್ತು ಒಂದು ಗುರುತಿನ ಸಂಖ್ಯೆ ಕೊಟ್ಟು ತೆರೆದ ಸಣ್ಣ ವಾಲೆಟ್‌ಗಳಿಂದ ದುಡ್ಡನ್ನು ಬ್ಯಾಂಕ್ ಖಾತೆಗೆ ಕಳಿಸಲು ಆಗುವುದಿಲ್ಲ. ಏನಾದರೂ ಕೊಳ್ಳಲು ಮಾತ್ರ ಬಳಸಬಹುದು, ಇಲ್ಲವೇ ವಾಲೆಟ್ಟನ್ನೇ ಮುಚ್ಚಬೇಕು. ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದ ಪ್ರಕಾರ ಅಂಥ ವಾಲೆಟ್‌ನಲ್ಲಿ ಯಾವ ಹೊತ್ತಿಗೂ 10,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ತಿಂಗಳಲ್ಲಿ ಹಾಕುವುದೂ ಅಷ್ಟನ್ನು ಮೀರುವಂತಿಲ್ಲ. ಎರಡೆರಡು ಸಲ ಹಾಕಿ ಮಿತಿ ದಾಟಿದರೆ, ಬಂದ ದುಡ್ಡನ್ನೂ ವಾಲೆಟ್ ಸೇರಿಸಿಕೊಳ್ಳದೆ ವಾಪಸ್ ಕಳಿಸುತ್ತದೆ. ಆ ವಾಪಸ್ಸಿಗೂ ಅದರದೇ ದಿನಗಳು ಹಿಡಿಯುತ್ತವೆ.

ಆ ಐದು ದಿನದ ಮಾತಿಗೆ ಬರೋಣ. ಅದು ಕಸ್ಟಮರ್ ಕೇರ್‌ನವರು ಬಾಯಿಗೆ ಬಂದಂತೆ ಹೇಳಿದ್ದಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ, ವಿಫಲವಾದ ಪಾವತಿಗಳನ್ನು ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂದು ಗೊತ್ತುಮಾಡಿದೆ. ಅಕ್ಟೋಬರ್ 15ರಿಂದ ಅದು ಜಾರಿಯಲ್ಲಿದೆ. ಯುಪಿಐನಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಕಳಿಸಿದ್ದು ಜಮೆಯಾಗದಿದ್ದರೆ ಮರುದಿನದೊಳಗೆ, ಅಂದರೆ ಟಿ+1ರೊಳಗೆ ವಾಪಸ್ ಹಾಕಬೇಕು. ವ್ಯಾಪಾರಿಗೆ ಕೊಟ್ಟದ್ದು ಕಟ್ಟಾಗಿ ಅವರಿಗೆ ಖಾತರಿ ಸಿಗದಿದ್ದರೆ ಟಿ+5ರೊಳಗೆ. ಡೆಬಿಟ್ ಕಾರ್ಡ್ ನಂಬರು ಹಾಕಿ ಆನ್‌ಲೈನ್‌ನಲ್ಲಿ ಕೊಟ್ಟದ್ದಕ್ಕೂ ಟಿ+5. ವಾಲೆಟ್ ಟಾಪ್‌ಅಪ್ ಯಾವ ದಾರಿಯಲ್ಲಿ ಬಂತೋ ಆ ದಾರಿಯ ನಿಯಮವೇ ಅದಕ್ಕೆ ಅನ್ವಯ. ಗೇಟ್‌ವೇ ಮೂಲಕ ಬರುವ ಟಾಪ್‌ಅಪ್ ವ್ಯಾಪಾರಿಗೆ ಕೊಟ್ಟ ಪಾವತಿಯಂತೆಯೇ ಓಡುವುದರಿಂದ ಐದು ದಿನ ಎನ್ನುತ್ತಾರೆ.

ಟಿ ಎಂದರೆ ವ್ಯವಹಾರ ನಡೆದ ಕ್ಯಾಲೆಂಡರ್ ದಿನ. ಚಿಕ್ಕಮ್ಮನಿಗೆ ಅದು ಶನಿವಾರ, ಎರಡೇ ನಿಮಿಷ ಬಾಕಿಯಿದ್ದರೂ ಶನಿವಾರವೇ. ಹಾಗಾಗಿ ಗಡುವು ಗುರುವಾರಕ್ಕೆ ಮುಗಿಯುತ್ತದೆ. ಅದನ್ನು ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಗ್ರಾಹಕರು ಅರ್ಜಿ ಹಾಕುವವರೆಗೆ ಕಾಯದೆ ತಾವಾಗಿಯೇ ಕೊಡಬೇಕು ಎಂದೂ ಸುತ್ತೋಲೆಯಲ್ಲಿದೆ. ಇದು ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಜನ ಹತ್ತನೇ ದಿನ ಅಸಲು ಬಂದದ್ದೇ ದೊಡ್ಡದು ಎಂದು ಸುಮ್ಮನಾಗುತ್ತಾರೆ.

ದೂರು ಕೊಡುವಾಗ ಕೈಯಲ್ಲಿ ಇರಬೇಕಾದದ್ದು ಯುಪಿಐ ಆಪ್‌ನಲ್ಲಿ ಸಿಗುವ 12 ಅಂಕಿಯ ನಂಬರು. ಕೆಲವು ಕಡೆ ಅದನ್ನು `UPI Ref No` ಎಂದು, ಕೆಲವು ಕಡೆ `UTR` ಅಥವಾ `RRN` ಎಂದು ಬರೆದಿರುತ್ತಾರೆ. ಜೊತೆಗೆ ವಾಲೆಟ್ ಆಪ್‌ನ ಆರ್ಡರ್ ನಂಬರು. "ನಿನ್ನೆ ಹಾಕಿದ ಐನೂರು" ಎಂದರೆ ಯಾರೂ ಹುಡುಕಲಾರರು, ಅದೇ ಹೊತ್ತಿಗೆ ಐನೂರು ಹಾಕಿದವರು ಸಾವಿರ ಜನ ಇರುತ್ತಾರೆ. ಈ ಎರಡು ನಂಬರು ಕೊಟ್ಟರೆ ಎರಡೂ ಕಡೆಯ ಸಾಲನ್ನು ಒಟ್ಟಿಗೆ ಹಿಡಿಯಬಹುದು. ಯುಪಿಐ ಆಪ್‌ನಲ್ಲಿ ಸಕ್ಸಸ್ ಇದ್ದರೆ ವಾಲೆಟ್‌ನವರನ್ನು ಹಿಡಿಯಿರಿ. ಫೇಲ್ಡ್ ಇದ್ದು ಬ್ಯಾಂಕಲ್ಲಿ ವಾಪಸ್ ಬಂದಿಲ್ಲದಿದ್ದರೆ ಬ್ಯಾಂಕನ್ನು. ಪೆಂಡಿಂಗ್ ಇದ್ದರೆ ಒಂದು ದಿನ ಬಿಟ್ಟು ಯುಪಿಐ ಆಪ್‌ನಲ್ಲೇ ಆ ವ್ಯವಹಾರ ತೆರೆದು ದೂರು ದಾಖಲಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಬರೆಯಬಹುದು, ಖರ್ಚಿಲ್ಲ.

ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಆಪ್‌ನ ಒಳಗಿನಿಂದಲೇ ತೆಗೆದುಕೊಳ್ಳಿ. ದುಡ್ಡು ಸಿಕ್ಕಿಕೊಂಡು ಕಂಗಾಲಾದವರಿಗಾಗಿಯೇ ಸುಳ್ಳು ನಂಬರು ಹಾಕಿ ಕಾದವರಿದ್ದಾರೆ. ವಾಪಸ್ ಹಾಕುತ್ತೇವೆ ಎಂದು ಹೇಳಿ ಪಿನ್ ಒತ್ತಿಸುತ್ತಾರೆ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ.

ಸೋಮವಾರ ಆ ಸಾಲು ಕಂಡ ಮೇಲೆ ಅದನ್ನು ನಾನು ಮುಟ್ಟಲಿಲ್ಲ. ಬಂಧುಗಳ ಖಾತೆಯಾದ್ದರಿಂದ ಪಕ್ಕದ ಸಹೋದ್ಯೋಗಿಗೆ ದಾಟಿಸಿದೆ. ಅವರು ಗೇಟ್‌ವೇಯ ಸ್ಥಿತಿ ಇನ್ನೊಮ್ಮೆ ಕೇಳಿ, ಸಕ್ಸಸ್ ಎಂದು ಖಚಿತಪಡಿಸಿಕೊಂಡು, ಮುಚ್ಚಿದ ಆರ್ಡರ್ ತೆರೆದು ಜಮೆ ಮಾಡಿದರು. ಹನ್ನೊಂದೂವರೆಗೆ ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು. "ಬಂತು ಕಣೋ, ಐನೂರ ನಲವತ್ತಾಗಿದೆ. ಆದ್ರೆ ತಾರೀಖು ಇವತ್ತಿಂದು ಹಾಕಿದ್ದಾರಲ್ಲ, ನಾನು ಹಾಕಿದ್ದು ಶನಿವಾರ?"

ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಶನಿವಾರದ ತಾರೀಖೇ ಇರುತ್ತದೆ ಚಿಕ್ಕಮ್ಮ, ನಮ್ಮದರಲ್ಲಿ ನಾವು ಜಮೆ ಮಾಡಿದ ದಿನ ಹಾಕಿದ್ದೇವೆ ಎಂದೆ. ಈ ಸಲ ಅವರಿಗೆ ಅರ್ಥವಾಯಿತು.